ಮುರಕಲ್ಲಿನಲ್ಲೇ ನಿಂತುಬಿಡುವ ಮಣ್ಣು ಪರೀಕ್ಷೆ

ಕರಾವಳಿಯಲ್ಲಿ ಗುಡ್ಡ ಜರಿದಾಗಲೆಲ್ಲ ಅದೇ ಸಲಹೆ ಕೇಳಿಬರುತ್ತದೆ: ರಸ್ತೆಗೆ ಗುಡ್ಡ ಕಡಿಯುವ ಮೊದಲು ಇನ್ನಷ್ಟು ಬೋರ್‌ಹೋಲ್ ಕೊರೆಯಿರಿ. ಈ ಸಲಹೆಯಿಂದ ಗುಡ್ಡ ಉಳಿಯುವುದಿಲ್ಲ. ಈಗಿನ ರೀತಿಯಲ್ಲೇ ಕೊರೆದರೆ ಹತ್ತರ ಬದಲು ಐವತ್ತು ಕೊರೆದರೂ ಅದೇ ತಪ್ಪು ಉತ್ತರ ಐವತ್ತು ಸಲ ಸಿಗುತ್ತದೆ, ಅಷ್ಟೆ.

ಬೋರ್‌ಹೋಲಿನಲ್ಲಿ ನಡೆಯುವುದು ಎಸ್‌ಪಿಟಿ. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತು ಎಂದು ಎಣಿಸುತ್ತಾರೆ. ಅದೇ ‘ಎನ್’ ಬೆಲೆ. ದಕ್ಷಿಣ ಕನ್ನಡ, ಉಡುಪಿಯ ಗುಡ್ಡಗಳಲ್ಲಿ ಮೇಲಿನ ಕೆಲವು ಮೀಟರ್ ಮುರಕಲ್ಲು. ಕಬ್ಬಿಣದ ಆಕ್ಸೈಡ್ ಬೆಸೆದ ಆ ಪದರದಲ್ಲಿ ಐವತ್ತು ಏಟು ಬಿದ್ದರೂ ಕೊಳವೆ ಇಳಿಯುವುದಿಲ್ಲ. ವರದಿಯಲ್ಲಿ ‘ರಿಫ್ಯೂಸಲ್, ಗಟ್ಟಿ ಸ್ತರ’ ಎಂದು ಬರೆದು ರಿಗ್ ಮುಂದಿನ ಜಾಗಕ್ಕೆ ಹೋಗುತ್ತದೆ. ಆದರೆ ಅದರ ಕೆಳಗಿರುವುದು ಶೇಡಿ ಮಣ್ಣು. ಬಿಳಿ, ನಸುಗೆಂಪು ಬಣ್ಣದ, ಮುಟ್ಟಿದರೆ ಹಿಟ್ಟಿನಂತಾಗುವ, ನೀರು ಕುಡಿದರೆ ಬಲ ಕಳೆದುಕೊಳ್ಳುವ ಮಣ್ಣು. ಕಡಿದ ಗೋಡೆಯಲ್ಲಿ ಮಳೆನೀರು ಮೊದಲು ಕೊರೆಯುವುದು ಈ ಪದರವನ್ನು. ಅದು ತೊಳೆದುಹೋದ ಮೇಲೆ ಮೇಲಿನ ಮುರಕಲ್ಲು ಆಧಾರ ತಪ್ಪಿ ಬಂಡೆಬಂಡೆಯಾಗಿ ಬೀಳುತ್ತದೆ. ಗಟ್ಟಿ ಎಂದು ವರದಿ ಹೇಳಿದ್ದು ಸುಳ್ಳಲ್ಲ. ಅದರ ಅಡಿಯಲ್ಲಿ ಏನಿದೆ ಎಂದು ನೋಡದೆ ನಿಲ್ಲಿಸಿದ್ದೇ ತಪ್ಪು.

ಶೇಡಿಯವರೆಗೆ ತಲುಪಿದ ಬೋರ್‌ಹೋಲಿನಲ್ಲೂ ತೊಂದರೆ ತಪ್ಪುವುದಿಲ್ಲ. ಎನ್ ಬೆಲೆಯನ್ನು ಘರ್ಷಣಾ ಕೋನಕ್ಕೆ ತಿರುಗಿಸುವ ಕೋಷ್ಟಕಗಳು ಹುಟ್ಟಿದ್ದು ಕಣಗಳ ನಡುವೆ ಬೆಸುಗೆಯೇ ಇಲ್ಲದ ಮರಳಿನ ಅನುಭವದಿಂದ. ಇಲ್ಲಿಯ ಮಣ್ಣು ಎಲ್ಲಿಂದಲೋ ಹರಿದು ಬಂದು ಕೂತಿದ್ದಲ್ಲ, ಇದ್ದಲ್ಲೇ ಕಲ್ಲು ಕೊಳೆತು ಆದದ್ದು. ಮೂಲ ಕಲ್ಲಿನ ನೇಯ್ಗೆ, ತೆಳು ಬೆಸುಗೆ ಅದರಲ್ಲಿ ಉಳಿದಿರುತ್ತವೆ. ಸುತ್ತಿಗೆಯ ಏಟು ಆ ಬೆಸುಗೆಯನ್ನು ಒಡೆದುಕೊಂಡೇ ಇಳಿಯುತ್ತದೆ, ಹಾಗಾಗಿ ಅದರ ಬಲ ಎಷ್ಟು ಎಂದು ಎನ್ ಹೇಳಲಾರದು. ಇನ್ನೊಂದು ಕಡೆ, ಏಪ್ರಿಲ್‌ನಲ್ಲಿ ಕೊರೆದಾಗ ಅರೆಒಣಗಿದ ಮಣ್ಣಿನ ಸೂಕ್ಷ್ಮ ರಂಧ್ರಗಳ ನೀರು ಕಣಗಳನ್ನು ಸೆಳೆದು ಹಿಡಿದಿರುತ್ತದೆ. ಆ ಹಿಡಿತದಿಂದ ಎನ್ ಏರುತ್ತದೆ, ಜುಲೈನಲ್ಲಿ ಅದೇ ಹಿಡಿತ ಮಾಯವಾಗುತ್ತದೆ.

ಯಾರೂ ಕೇಳದ ಸಂಖ್ಯೆ ಇದೇ: ನೆನೆದ ಮೇಲೆ ಉಳಿಯುವ ಹಿಡಿತ, ಎಂಜಿನಿಯರುಗಳ ಮಾತಿನಲ್ಲಿ ಕೊಹೆಶನ್. ಅದು ಎಷ್ಟು ಮುಖ್ಯ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಉದಾಹರಣೆಗೆ, ಘರ್ಷಣಾ ಕೋನ 30 ಡಿಗ್ರಿ, ಪ್ರತಿ ಘನಮೀಟರಿಗೆ ತೂಕ 18 ಕಿಲೋನ್ಯೂಟನ್ ಎಂದು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕೊಹೆಶನ್ 30 ಕಿಲೋಪಾಸ್ಕಲ್ ಇದ್ದರೆ, ನೇರವಾಗಿ ಕಡಿದ ಗೋಡೆ ಲೆಕ್ಕದ ಪ್ರಕಾರ ಹನ್ನೊಂದೂವರೆ ಮೀಟರ್‌ವರೆಗೆ ತಾನಾಗಿ ನಿಲ್ಲಬೇಕು. ಮಳೆಯಲ್ಲಿ ನೆನೆದು ಅದು 10ಕ್ಕೆ ಇಳಿದರೆ ಆ ಎತ್ತರ 4 ಮೀಟರ್‌ಗಿಂತ ಕಡಿಮೆ. ಬಿರುಕು, ನೀರಿನ ಒತ್ತಡ ಯಾವುದನ್ನೂ ಇದರಲ್ಲಿ ಸೇರಿಸಿಲ್ಲ. ಘರ್ಷಣಾ ಕೋನ ಎರಡೂ ಸಲ ಅದೇ. ಎಂಟು ಮೀಟರ್ ಕಡಿತ ಮಾರ್ಚಿನಲ್ಲಿ ಕದಲದೆ ನಿಂತು, ಮಳೆಗಾಲದಲ್ಲಿ ರಸ್ತೆಗೆ ಬರುವುದರ ಹಿಂದಿನ ಲೆಕ್ಕ ಇದು. ಎನ್ ಕೋಷ್ಟಕ ಕೊಡುವುದು ಕೋನವನ್ನು ಮಾತ್ರ, ನಾವು ವಾದ ಮಾಡುವುದೂ ಕೋನದ ಬಗ್ಗೆಯೇ!

ಪ್ರಯೋಗಾಲಯದಲ್ಲೂ ಇಂಥದೇ ಅಡ್ಡಿ. ಮಣ್ಣನ್ನು 105ರಿಂದ 110 ಡಿಗ್ರಿ ಒಲೆಯಲ್ಲಿ ಒಣಗಿಸುವ ರೂಢಿ ಕೆಲವು ಉಷ್ಣವಲಯದ ಮಣ್ಣುಗಳ ಗುಣವನ್ನೇ ಬದಲಿಸುತ್ತದೆ. ಖನಿಜದೊಳಗಿನ ನೀರು ಹೊರಟುಹೋಗಿ, ಕಣಗಳು ಗಂಟುಕಟ್ಟಿ, ಜೇಡಿಯಾಗಿದ್ದದ್ದು ಮರಳುಮಣ್ಣಿನಂತೆ ಅಳತೆ ಕೊಡುತ್ತದೆ. ಒಂದೇ ಮಣ್ಣಿನ ತೇವಾಂಶವನ್ನು 105 ಡಿಗ್ರಿಯಲ್ಲೂ 50 ಡಿಗ್ರಿಯಲ್ಲೂ ಅಳೆಯಿರಿ. ಶೇಕಡಾ ನಾಲ್ಕಾರು ಅಂಶ ವ್ಯತ್ಯಾಸ ಬಂದರೆ ಒಲೆಗೆ ಹಾಕಿದ ಮಾದರಿಯ ದ್ರವಮಿತಿಯನ್ನು ನಂಬಬಾರದು. ತಪ್ಪು ಒಂದೇ ದಿಕ್ಕಿನದೂ ಅಲ್ಲ. ಕೆನ್ಯಾದ ಸಸುಮುವಾ ಅಣೆಕಟ್ಟಿನ ಕೆಂಪು ಜೇಡಿಯನ್ನು ಸಾಮಾನ್ಯ ಪರೀಕ್ಷೆಗಳ ಫಲಿತಾಂಶ ನೋಡಿ ಅನುಮಾನಿಸಿದ್ದರು. ಅದು ಕಟ್ಟಲು ಒಳ್ಳೆಯ ಮಣ್ಣೇ ಎಂದು ಎಂಜಿನಿಯರ್ ಟೆರ್ಜಾಗಿ 1958ರ ಪ್ರಬಂಧದಲ್ಲಿ ತೋರಿಸಿದರು. ಹ್ಯಾಲೋಯ್ಸೈಟ್ ಕಣಗಳು ಕಬ್ಬಿಣದ ಆಕ್ಸೈಡಿನಿಂದ ಗುಂಪುಗುಂಪಾಗಿ ಅಂಟಿಕೊಂಡಿದ್ದೇ ಆ ವಿಚಿತ್ರ ಅಳತೆಗಳಿಗೆ ಕಾರಣ.

ಹಾಗಿದ್ದರೆ ಮಾಡಬೇಕಾದ್ದೇನು? ಮುರಕಲ್ಲು ಸಿಕ್ಕ ಕೂಡಲೇ ಸುತ್ತಿಗೆ ಬದಿಗಿಟ್ಟು ಕೋರ್ ಬಿಟ್‌ನಿಂದ ಪದರ ದಾಟಿ, ಕೆಳಗೆ ಮತ್ತೆ ಎಸ್‌ಪಿಟಿ ಶುರು ಮಾಡಬೇಕು. ಕಡಿತದ ತಳಕ್ಕಿಂತ ಕೆಳಗೆ ಹೋಗುವವರೆಗೆ ಬೋರ್‌ಹೋಲ್ ಮುಗಿದಂತಲ್ಲ. ಶೇಡಿಯ ಮಾದರಿಗೆ ಕೊಳವೆ ಹೊಡೆದರೆ ಬೆಸುಗೆ ಒಡೆಯುತ್ತದೆ. ಗುಂಡಿ ತೋಡಿ, ಸುಮಾರು ಒಂದಡಿಯ ಘನವನ್ನು ಕೈಯಿಂದ ಕೆತ್ತಿ, ಬಟ್ಟೆ ಸುತ್ತಿ ಮೇಣ ಬಳಿದು ಸಾಗಿಸಬೇಕು. ಕೆಂಪುಕಲ್ಲಿನ ಕೋರೆಗಳಿರುವ ಜಿಲ್ಲೆಗಳಲ್ಲಿ ಕೆತ್ತುವ ಕೈಗಳಿಗೆ ಬರವಿಲ್ಲ. ಗುಂಡಿಗೆ ಎಟುಕದ ಆಳದಲ್ಲಿ ಹಾಂಗ್‌ಕಾಂಗ್‌ನವರಂತೆ ಮೂರು ಕೊಳವೆಯ ಮಾಜಿಯೆ ಸ್ಯಾಂಪ್ಲರ್ ಬಳಸಬಹುದು, ನೀರಿನ ಬದಲು ನೊರೆ ಹಾಯಿಸಿ. ಇದಕ್ಕೆ ದಿನವೂ ಹಣವೂ ಹೆಚ್ಚು ಬೇಕು. ಗಂಟುಗಂಟಾದ ಮುರಕಲ್ಲಿಗಂತೂ ಸಣ್ಣ ಮಾದರಿಯ ಪರೀಕ್ಷೆಯಿಂದ ಉಪಯೋಗವಿಲ್ಲ. ಆದರೆ ಶೇಡಿಗೆ ಬೇರೆ ದಾರಿಯಿಲ್ಲ.

ಹೆದ್ದಾರಿ ಟೆಂಡರಿನಲ್ಲಿ ಬೋರ್‌ಹೋಲ್‌ಗಳ ಸಂಖ್ಯೆ ಏರಿಸುವ ಬದಲು ಒಂದು ಷರತ್ತು ಸೇರಿಸಲಿ: ಪ್ರತಿ ಕಡಿತದ ವರದಿಯಲ್ಲಿ ಶೇಡಿಯ ಕೊಹೆಶನ್ ಎರಡು ಸಲ ಇರಬೇಕು, ಸಹಜ ತೇವದಲ್ಲಿ ಒಂದು, ಪೂರ್ತಿ ನೆನೆಸಿ ಇನ್ನೊಂದು. ವಿನ್ಯಾಸ ಎರಡನೆಯದರ ಮೇಲೆ ನಿಲ್ಲಬೇಕು. ಆ ಎರಡನೇ ಅಂಕಿ ಇಲ್ಲದ ವರದಿಗೆ ಬಿಲ್ ಪಾವತಿಸಬಾರದು.