‘ಕೆಲವು ದೃಶ್ಯಗಳು ಸಾಂಕೇತಿಕ’ ಅಂದ್ರೆ ಯಾವ ದೃಶ್ಯಗಳು?

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಭಾಗ ಮುಳುಗಿದ್ದರ ಬಗ್ಗೆ ನೀವೊಂದು ಯೂಟ್ಯೂಬ್ ವಿಡಿಯೊ ಮಾಡಿದ್ದೀರಿ ಅಂದ್ಕೊಳ್ಳಿ. ಆಗಿನ ಅಸಲಿ ದೃಶ್ಯಗಳ ನಡುವೆ, ಒತ್ತುವರಿಗೆ ಮೊದಲು ರಾಜಕಾಲುವೆ ಹೇಗಿದ್ದಿರಬಹುದು ಅಂತ ತೋರಿಸೋ 25 ಸೆಕೆಂಡಿನ ಎಐ ದೃಶ್ಯವೂ ಇದೆ. ಡಿಸ್ಕ್ರಿಪ್ಷನ್‌ನ ಕೊನೆಯಲ್ಲಿ, ಹ್ಯಾಶ್‌ಟ್ಯಾಗ್‌ಗಳ ಕೆಳಗೆ ‘ಕೆಲವು ದೃಶ್ಯಗಳು ಸಾಂಕೇತಿಕ’ ಅಂತ ಬರೆದರೆ ಸಾಕಾ?

ಸಾಲದು. ಯಾವುವು ಅಂತ ಹೇಳದಿದ್ದರೆ ಎಲ್ಲದರ ಮೇಲೂ ಅನುಮಾನ ಬರುತ್ತೆ. ಉತ್ತರ ಕೊಡಬೇಕಾದವರು ಅಸಲಿ ದೃಶ್ಯವನ್ನೂ ‘ಅದೆಲ್ಲ ಎಐ’ ಅಂತ ತಳ್ಳಿಹಾಕೋಕೆ ನೀವೇ ದಾರಿ ಮಾಡಿಕೊಟ್ಟಂತೆ.

ಲೇಬಲ್ ಮೇಲೆ ತಂದರೆ ಸರ್ಚ್‌ನಲ್ಲಿ ವಿಡಿಯೊ ಸಿಗಲ್ಲ ಅನ್ನೋ ಭಯ ಹಲವರಿಗಿದೆ. ಹಾಗಾದರೆ ಮೊದಲ ಸಾಲನ್ನು ವಿಷಯಕ್ಕೆ ಬಿಡಿ, ಎರಡನೆಯದನ್ನು ಲೇಬಲ್‌ಗೆ:

ಬೆಳ್ಳಂದೂರು ಪ್ರವಾಹ 2022: ರಾಜಕಾಲುವೆ ಒತ್ತುವರಿಯ ಕಥೆ.
1:40 ರಿಂದ 2:05: ಎಐ ಬಳಸಿ ಮಾಡಿದ ಕಾಲ್ಪನಿಕ ದೃಶ್ಯ. ಉಳಿದವು 2022ರಲ್ಲಿ ಚಿತ್ರೀಕರಿಸಿದವು.

ಜನ ಹುಡುಕೋದು ‘ಬೆಳ್ಳಂದೂರು’, ‘ರಾಜಕಾಲುವೆ’ ಅಂತ. ಆ ಪದಗಳು ಹಾಗೇ ಉಳಿದವು. ಜೊತೆಗೆ 1:40 ಒತ್ತಿದರೆ ನೋಡುಗರು ನೇರವಾಗಿ ಆ ದೃಶ್ಯಕ್ಕೇ ಹೋಗ್ತಾರೆ.

ಅಪ್‌ಲೋಡ್ ಮಾಡುವಾಗ Altered content ಪ್ರಶ್ನೆಗೆ Yes ಒತ್ತಿ. ನಿಜ ಅನಿಸುವಂಥ ಎಐ ದೃಶ್ಯಗಳಿಗೆ ಯೂಟ್ಯೂಬ್ ಇದನ್ನು 2024ರಲ್ಲೇ ಕಡ್ಡಾಯ ಮಾಡಿದೆ. ಬರೀ ಬಣ್ಣ, ಬೆಳಕು ತಿದ್ದಿದ್ದರೆ ಬೇಕಿಲ್ಲ.

ಆದರೆ ವಿಡಿಯೊ ತುಂಡಾಗಿ ವಾಟ್ಸ್‌ಆ್ಯಪ್‌ಗೆ ಹೋದಾಗ ಡಿಸ್ಕ್ರಿಪ್ಷನ್ ಜೊತೆಗೆ ಹೋಗಲ್ಲ. ಅದಕ್ಕೇ ಆ 25 ಸೆಕೆಂಡೂ ಪರದೆಯ ಮೇಲೆ ‘ಎಐ ದೃಶ್ಯ’ ಅಂತ ಇರಲೇಬೇಕು.