ಪೆರುವಿನ ಕಡಲು ಕಾದರೆ ತಂಬ್ರಹಳ್ಳಿಯ ಉದ್ದರಿ ಮುಳುಗುತ್ತದೆಯೇ?

ತಂಬ್ರಹಳ್ಳಿ: ಬೇಸಿಗೆ ಕೊನೆಗೆ ಬೀಜ-ಗೊಬ್ಬರದ ಅಂಗಡಿಯವರಿಗೆ ಒಂದೇ ಚಿಂತೆ. ಈ ವರ್ಷ ಉದ್ದರಿ ಎಷ್ಟು ಕೊಡಬಹುದು? ‘ಬೆಳೆ ಬಂದ ಮ್ಯಾಲೆ ಕೊಡ್ತೀನ್ರೀ ಸಾವ್ಕಾರ್ರ’ ಅನ್ನುವ ಮಾತಿಗೆ ಹಿಂದೆ ಪಂಚಾಂಗದ ಮಳೆ ನಕ್ಷತ್ರವೇ ಜಾಮೀನು. ಈಗೀಗ ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಇನ್ನೊಂದು ಹೆಸರು ಕೇಳಿಬರುತ್ತದೆ: ಎಲ್ ನಿನೋ. ‘ಅದು ಬಂದ್ರ ಮಳಿ ಇಲ್ಲ ಬಿಡು’ ಎಂದು ಒಬ್ಬ ಅಂದರೆ, ‘ಅದೆಲ್ಲ ಪೇಪರ್‌ನವರ ಕತಿ’ ಎಂದು ಇನ್ನೊಬ್ಬ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ಹೆಸರು ಇಟ್ಟವರು ದಕ್ಷಿಣ ಅಮೆರಿಕದ ಪೆರು ದೇಶದ ಮೀನುಗಾರರು. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿನ ತಣ್ಣನೆಯ ಕಡಲು ಬೆಚ್ಚಗಾಗಿ ಮೀನು ಸಿಗದಂತಾಗುತ್ತಿತ್ತು. ಅದಕ್ಕೆ ಬಾಲ ಯೇಸುವಿನ ಹೆಸರಿಟ್ಟರು. ಮಾಮೂಲಿ ವರ್ಷಗಳಲ್ಲಿ ಶಾಂತ ಸಾಗರದ ಮೇಲೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಬಿಸಿನೀರನ್ನೆಲ್ಲ ಇಂಡೋನೇಷ್ಯಾದ ಕಡೆ ದಬ್ಬುತ್ತದೆ. ಬಿಸಿನೀರು ಎಲ್ಲಿದೆಯೋ ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಮೂರರಿಂದ ಏಳು ವರ್ಷಕ್ಕೊಮ್ಮೆ ಈ ಗಾಳಿ ಸೋಲುತ್ತದೆ. ಆಗ ಬಿಸಿನೀರು ಹಿಂದಕ್ಕೆ, ಸಾಗರದ ನಡುವಿಗೂ ಪೆರುವಿನ ಕಡೆಗೂ ಹರಡುತ್ತದೆ. ಮೋಡ ಕಟ್ಟುವ ಜಾಗವೂ ಅದರ ಬೆನ್ನು ಹತ್ತಿ ಹೋಗುತ್ತದೆ. ಅಲ್ಲಿ ಮೇಲೇರಿದ ಗಾಳಿ ಎಲ್ಲಾದರೂ ಕೆಳಗಿಳಿಯಲೇಬೇಕಲ್ಲ? ಅದು ಇಳಿಯುವ ಜಾಗ ಇಂಡೋನೇಷ್ಯಾದಿಂದ ಹಿಂದೂಸ್ಥಾನದವರೆಗೆ ಚಾಚುತ್ತದೆ. ಗಾಳಿ ಇಳಿಯುವ ಕಡೆ ಮೋಡ ಬೆಳೆಯುವುದಿಲ್ಲ. ಕತೆಯ ಮೂಲ ಇಷ್ಟೇ.

ಆದರೆ ಕಡಲು ಎಷ್ಟು ಕಾದಿತೋ ಇಲ್ಲಿ ಅಷ್ಟು ಬರ ಎಂಬ ಲೆಕ್ಕ ನಡೆಯುವುದಿಲ್ಲ. 1997ರಲ್ಲಿ ಸಾಗರದ ನಡುಭಾಗ ಮಾಮೂಲಿಗಿಂತ 2 ಡಿಗ್ರಿಗೂ ಹೆಚ್ಚು ಕಾದಿತ್ತು. ಆ ಶತಮಾನದಲ್ಲಿ ಅಂಥ ಎಲ್ ನಿನೋ ಅಪರೂಪ. ದೇಶಕ್ಕೆ ದೊಡ್ಡ ಬರ ಗ್ಯಾರಂಟಿ ಎಂದು ಎಲ್ಲರೂ ಹೆದರಿದ್ದರು. ಆಗಿದ್ದೇನು? ಮುಂಗಾರು ಮಾಮೂಲಿಗಿಂತ ತುಸು ಹೆಚ್ಚೇ, ಶೇಕಡಾ 102ರಷ್ಟು ಬಂತು. ಐದು ವರ್ಷ ಬಿಟ್ಟು 2002ರಲ್ಲಿ ಅದರಷ್ಟು ಜೋರಿಲ್ಲದ ಎಲ್ ನಿನೋ ಬಂತು. ಆ ವರ್ಷ ಜುಲೈ ಮಳೆ ದೇಶದಲ್ಲಿ ಅರ್ಧಕ್ಕೆ ಅರ್ಧ ಕೈಕೊಟ್ಟಿತು. ಇಡೀ ಮುಂಗಾರು ಶೇಕಡಾ 81ಕ್ಕೆ ನಿಂತಿತು.

ಇದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಎರಡು. 1997ರಲ್ಲಿ ನೀರು ಹೆಚ್ಚು ಕಾದಿದ್ದು ದೂರದ ಪೆರುವಿನ ಮಗ್ಗುಲಲ್ಲಿ. 2002ರಲ್ಲಿ ಸಾಗರದ ನಟ್ಟನಡುವೆ. ನಡುವೆ ಕಾದರೆ ಗಾಳಿ ಇಳಿಯುವ ಜಾಗ ಭಾರತದ ನೆತ್ತಿಗೇ ಬರುತ್ತದೆ. ಇನ್ನೊಂದು ಕಾರಣ ಹಿಂದೂ ಮಹಾಸಾಗರ. 1997ರಲ್ಲಿ ಅದರ ಆಫ್ರಿಕಾ ಬದಿ ಬೆಚ್ಚಗಾಗಿ, ಇಂಡೋನೇಷ್ಯಾ ಬದಿ ತಣ್ಣಗಾಗಿತ್ತು. ಈ ಏರುಪೇರು ಮುಂಗಾರಿಗೆ ಕೈಹಿಡಿಯುವ ನೆಂಟನಿದ್ದಂತೆ. ನೆಂಟ ಪ್ರತಿಸಲ ಸಮಯಕ್ಕೆ ಬರುತ್ತಾನೆ ಅಂತೇನಿಲ್ಲ ಎಂಬುದು 2023ರಲ್ಲಿ ಗೊತ್ತಾಯಿತು.

ಆ 2023ರ ಲೆಕ್ಕವನ್ನು ಅಂಗಡಿಯವರು ಮರೆತಿರಲಾರರು. ಜೂನ್‌ನಲ್ಲಿ ಮುಂಗಾರು ತಡವಾಯಿತು. ಕೇರಳಕ್ಕೇ ಬಂದಿದ್ದು 8ನೇ ತಾರೀಖು. ಜುಲೈನಲ್ಲಿ ಚೆನ್ನಾಗಿ ಹುಯ್ಯಿತು. ಜನ ‘ಎಲ್ಲಿ ಐತಪ್ಪಾ ನಿಮ್ಮ ಎಲ್ ನಿನೋ?’ ಎಂದು ನಕ್ಕರು. ಆಮೇಲೆ ಆಗಸ್ಟ್ ಬಂತು. ಆಶ್ಲೇಷ ಹೋಯಿತು, ಮಘೆ ಹೋಯಿತು, ಮೋಡ ಮಾತ್ರ ತೇಲಿ ಹೋದವು. 1901ರಿಂದ ಲೆಕ್ಕ ಇಟ್ಟ ಮೇಲೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಕೊರತೆ ಶೇಕಡಾ 36. ಕರ್ನಾಟಕದ ಪಾಲಿಗೆ ಅದು ಶೇಕಡಾ 70ನ್ನೂ ದಾಟಿತು. ವಿಚಿತ್ರ ನೋಡಿ, ಅದೇ ಆಗಸ್ಟ್ ನಡುವೆ ಹಿಮಾಚಲದಲ್ಲಿ ಮಳೆ ಸುರಿದು ಶಿಮ್ಲಾದಲ್ಲಿ ಗುಡ್ಡ ಕುಸಿಯುತ್ತಿತ್ತು. ಮುಂಗಾರು ಬಿಡುವು ತೆಗೆದುಕೊಂಡಾಗ ಹೀಗೇ. ಮಳೆ ತರುವ ತಗ್ಗು ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿಯುತ್ತದೆ, ಇತ್ತ ಬಯಲುಸೀಮೆ ಬಿಕೋ ಅನ್ನುತ್ತದೆ. ಇಂಥ ಬಿಡುವು ಪ್ರತಿ ವರ್ಷವೂ ಉಂಟು. ಎಲ್ ನಿನೋ ಮಾಡುವ ಕೆಲಸ ಅದನ್ನು ಉದ್ದ ಎಳೆಯುವುದು.

ವರ್ಷದ ಕೊನೆಗೆ ದೆಹಲಿಯ ಲೆಕ್ಕದಲ್ಲಿ ಮುಂಗಾರು ಶೇಕಡಾ 94. ಕಾಗದದ ಮೇಲೆ ಇದು ಬರವೇ ಅಲ್ಲ! ಇತ್ತ ಕರ್ನಾಟಕದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು.

ಒಟ್ಟು ಅಂಕಿಗಿಂತ ತಾರೀಖು ಮುಖ್ಯ ಎನ್ನುವುದು ಮೆಕ್ಕೆಜೋಳ ನೋಡಿದರೆ ತಿಳಿಯುತ್ತದೆ. ಜೂನ್ ಕೊನೆಗೆ ಬಿತ್ತಿದ ಬೆಳೆ ಎರಡು ತಿಂಗಳಿಗೆ, ಅಂದರೆ ಆಗಸ್ಟ್ ಕೊನೆಗೆ, ಸೂಲಂಗಿ ಬಿಡುತ್ತದೆ. ಆ ಹೊತ್ತಿಗೆ ಭೂಮಿಯಲ್ಲಿ ಹಸಿ ಇಲ್ಲದಿದ್ದರೆ ಮೇಲಿನ ಸೂಲಂಗಿ ಪುಡಿ ಉದುರಿಸಿ ಮುಗಿಸುತ್ತದೆ, ತೆನೆಯ ರೇಷ್ಮೆ ಎಳೆ ತಡವಾಗಿ ಹೊರಬರುತ್ತದೆ. ಎರಡೂ ಕೂಡದೆ ಕಾಳು ಕಟ್ಟುವುದಿಲ್ಲ. ಹೊಲ ದೂರದಿಂದ ಹಸಿರಾಗೇ ಕಾಣುತ್ತದೆ. ಸಿಪ್ಪೆ ಸುಲಿದರೆ ಮುದುಕನ ಬಾಯಿಯಂತೆ ಅಲ್ಲೊಂದು ಇಲ್ಲೊಂದು ಹಲ್ಲು. ಎರಡು ವಾರದ ಒಣಹವೆಗೆ ಅರ್ಧ ಬೆಳೆ ಹೋಗಬಹುದು. ಆಮೇಲೆ ಉತ್ತರೆ ಮಳೆ ಎಷ್ಟು ಹುಯ್ದರೂ ಮಳೆಮಾಪಕ ತುಂಬೀತು, ತೆನೆ ತುಂಬದು.

ತಂಬ್ರಹಳ್ಳಿಗೆ ಇನ್ನೊಂದು ಗೊಂದಲವೂ ಇದೆ. ಊರಿನ ಹತ್ತಿರವೇ ತುಂಗಭದ್ರಾ ಹಿನ್ನೀರು. ನೀರು ಕಂಡರೆ ಮಳೆ ಚೆನ್ನಾಗಿದೆ ಅನಿಸುತ್ತದೆ. ಆದರೆ ಆ ನೀರು ಶೃಂಗೇರಿ, ತೀರ್ಥಹಳ್ಳಿ ಕಡೆಯ ಮಲೆನಾಡಿನದು. ಅಲ್ಲಿ ಜುಲೈ ಒಂದು ತಿಂಗಳು ಹಿಡಿದರೂ ಹೊಳೆ ತುಂಬಿ ಬರುತ್ತದೆ. ಇಲ್ಲಿನ ಹೊಲ ಘಟ್ಟದ ಮಳೆನೆರಳಿನಲ್ಲಿದೆ. ಅದಕ್ಕೆ ಆಗಸ್ಟ್, ಸೆಪ್ಟೆಂಬರ್ ಮಳೆಯೇ ಜೀವ. 2023ರ ಜುಲೈ ಕೊನೆಯಲ್ಲಿ ಒಳಹರಿವು ಜೋರಾಗಿತ್ತು, ಹಿನ್ನೀರು ಏರಿತ್ತು. ಆಗ ಹಿನ್ನೀರು ನೋಡಿ ಉದ್ದರಿ ಬರೆದವರಿಗೆ ಆಗಸ್ಟ್ ಪೆಟ್ಟು ಕೊಟ್ಟಿತು. ಮುಂದೆ ಆಣೆಕಟ್ಟೂ ತುಂಬಲಿಲ್ಲ, ಕಾಲುವೆ ಸೀಮೆಯ ಎರಡನೇ ಬೆಳೆಗೂ ನೀರು ಸಿಗಲಿಲ್ಲ. ಎಲ್ ನಿನೋ ಇಳಿದ ಮೇಲೆ 2024ರಲ್ಲಿ ದೇಶದ ಮುಂಗಾರು ಶೇಕಡಾ 108. ಆ ಆಗಸ್ಟ್ 10ರ ರಾತ್ರಿ ತುಂಬಿದ ಆಣೆಕಟ್ಟಿನ 19ನೇ ಗೇಟೇ ಕೊಚ್ಚಿಹೋಯಿತು. ಕೊಟ್ಟರೆ ಹೀಗೆ, ಕಸಿದರೆ ಹಾಗೆ.

ಹಾಗಾದರೆ ಉದ್ದರಿ ಕೊಡುವವನು ಏನು ನೋಡಬೇಕು? ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಎಲ್ ನಿನೋ ಸುದ್ದಿಯನ್ನು ಪೂರ್ತಿ ನಂಬಬೇಕಿಲ್ಲ. ಆ ತಿಂಗಳುಗಳಲ್ಲಿ ಕಡಲು ಯಾವ ಕಡೆ ವಾಲುತ್ತದೆ ಎಂದು ಹೇಳುವುದು ಬಲ್ಲವರಿಗೂ ಕಷ್ಟ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಹೇಳಿದ್ದನ್ನು ಮೇ ಕೊನೆಗೆ ತಿದ್ದಿ ಹೇಳುತ್ತದೆ. ಆ ಎರಡನೇ ಮಾತಿಗೆ ತೂಕ ಹೆಚ್ಚು. ಸಾಗರದ ನಡುಭಾಗ ಅರ್ಧ ಡಿಗ್ರಿ ಮೇಲೇರಿ ಅಲ್ಲೇ ತಿಂಗಳುಗಟ್ಟಲೆ ನಿಂತರೆ ಮಾತ್ರ ಅದು ಎಲ್ ನಿನೋ. ಹಾಗೆ ನಿಂತ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಸಲ ದೇಶಕ್ಕೆ ಮಳೆ ಕಡಿಮೆಯಾಗಿದೆ, ಉಳಿದ ಸಲ ಪಾರಾಗಿದೆ. ಆದರೆ 1972, 1987, 2002, 2009, 2015ರ ದೊಡ್ಡ ಬರಗಳೆಲ್ಲ ಇಂಥ ವರ್ಷಗಳಲ್ಲೇ ಬಂದವು.

ಜುಲೈ ಬಂದ ಮೇಲೆ ದೂರದ ಕಡಲಿಗಿಂತ ಹತ್ತಿರದ ಸುದ್ದಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಇಲಾಖೆ ವಾರವಾರವೂ ಮುಂದಿನ ಕೆಲವು ವಾರಗಳ ಮಳೆ ಅಂದಾಜು ಕೊಡುತ್ತದೆ. ‘ಮಳೆ ಪಟ್ಟಿ ಹಿಮಾಲಯದ ಬುಡಕ್ಕೆ ಸರಿಯುತ್ತಿದೆ’ ಎಂಬ ಮಾತು ರೇಡಿಯೋದಲ್ಲಿ ಬಂದರೆ ಬಯಲುಸೀಮೆಗೆ ಬಿಡುವು ಶುರುವಾಯಿತೆಂದೇ ಅರ್ಥ. ಅಷ್ಟರಲ್ಲಿ ಬೀಜದ ಉದ್ದರಿ ಹೋಗಿ ಆಗಿರುತ್ತದೆ. ಕೈಯಲ್ಲಿ ಉಳಿದಿರುವುದು ಮೇಲುಗೊಬ್ಬರದ ಉದ್ದರಿ. ಒಣಭೂಮಿಗೆ ಹಾಕಿದ ಯೂರಿಯಾ ಬೆಳೆಗೆ ದಕ್ಕದೆ ಗಾಳಿಗೆ ಹೋಗುತ್ತದೆ. ಹದ ಬರುವ ತನಕ ಆ ಚೀಲ ಅಂಗಡಿಯಲ್ಲೇ ಇದ್ದರೆ ಸಾವ್ಕಾರನಿಗೂ ರೈತನಿಗೂ ಲುಕ್ಸಾನು ಕಡಿಮೆ.