ಆ್ಯಪಿನ ಅಂಕ ಯಾವ ರಾಜ್ಯದ್ದು?

ಅಮರಾಪುರದಲ್ಲಿ ನಮ್ಮ ಅಕ್ಕನ ಮಗ ಆಂಧ್ರದ ಗ್ರೂಪ್-2ಕ್ಕೆ ಓದುತ್ತಿದ್ದಾನೆ. ಕನ್ನಡ ಮಾಧ್ಯಮದವನು, ಕನ್ನಡದ ಆ್ಯಪಿನಲ್ಲೇ ಮಾಕ್ ಟೆಸ್ಟ್ ಬರೆದ. 150 ಪ್ರಶ್ನೆಗಳಲ್ಲಿ 80 ಸರಿ, 60 ತಪ್ಪು, 10 ಬಿಟ್ಟಿದ್ದ. ಆ್ಯಪು 65 ಅಂಕ ತೋರಿಸಿತು. "ಪರವಾಗಿಲ್ಲ ಅಲ್ವಾ ಮಾವ?" ಅಂದ.

ಕಡ್ಲೆಕಾಯಿ ಚೀಟಿಯ ಹಿಂದೆ ಕೂಡಿ ಕಳೆದು ನೋಡಿದೆ. ಆ ಆ್ಯಪಿನದು ಕರ್ನಾಟಕದ ಕೆಪಿಎಸ್‌ಸಿ ಲೆಕ್ಕ, ತಪ್ಪಿಗೆ ಕಾಲು ಅಂಕ. 2024ರ ಆಂಧ್ರ ಗ್ರೂಪ್-2 ಪೂರ್ವಭಾವಿ ಪರೀಕ್ಷೆಯಲ್ಲಿ ಕಳೆದದ್ದು ಅಂಕದ ಮೂರನೇ ಒಂದು ಪಾಲು. ಹಾಗೆ ಹಿಡಿದರೆ ಅವನದು 60 ಅಷ್ಟೇ. ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದಕ್ಕೆ ಗುರುತು ಹಾಕುತ್ತಾ ಹೋದರೆ ಸರಾಸರಿ ಒಂದು ಸರಿ, ಮೂರು ತಪ್ಪು, ಬಂದದ್ದೆಲ್ಲ ಹೋಯಿತು. ಒಂದು ಉತ್ತರವಾದರೂ ಖಂಡಿತ ತಪ್ಪೆಂದು ಗೊತ್ತಿದ್ದರೆ ಮಾತ್ರ ಊಹೆಯಲ್ಲಿ ಲಾಭ.

ಯಾವ ಆಯೋಗದ ಲೆಕ್ಕವೆಂದು ಆ್ಯಪಿನವರು ಮೊದಲ ಪುಟದಲ್ಲೇ ಹಾಕಬೇಡವೇ? ಹುಡುಗ ಈಗ ತೆಲುಗು ಪ್ರಶ್ನೆಪತ್ರಿಕೆಯನ್ನೇ ಬಿಡಿಸುತ್ತಾನೆ. ಅರ್ಥವಾಗದ ಪದ ನನ್ನನ್ನು ಕೇಳುತ್ತಾನೆ.